7 ಕಾರ್ಡು, 16 ಜನ, ಒಂದು ಚಾನಲ್ ಏರಿ

ಮೇ ತಿಂಗಳ ಕೊನೆಯಲ್ಲಿ ನಾವು ಮೊದಲ ಸಲ ನೀರಿನ ಚಾನಲಿನ ಏರಿಯನ್ನು ಕ್ಲೀನ್ ಮಾಡಲು ಹೊರಟಾಗ ಒಂದೇ ಒಂದು ಪೋಸ್ಟರ್ ಮಾಡಿದ್ದೆವು. ಹಸಿರು ಎಲೆ, ಎರಡು ಕೈ, ನಡುವೆ ಭೂಮಿ. ಮೇಲೆ ದೊಡ್ಡದಾಗಿ ‘ಸ್ವಚ್ಛತಾ ಅಭಿಯಾನಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ, ಎಲ್ಲರೂ ಬನ್ನಿ’. ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿಯುವ ಗುರುತು, ಹೂವಿನ ಗುರುತು ಎಲ್ಲಾ ಸೇರಿ ನೂರರ ಹತ್ತಿರ ಬಂದವು. ಭಾನುವಾರ ಬೆಳಿಗ್ಗೆ ಬಂದವರು 6 ಜನ. ಅದರಲ್ಲಿ ನಾನು, ನನ್ನ ಹೆಂಡತಿ, ತಂಗಿ ಮಗ. ಒಬ್ಬರು ಹಿರಿಯರು ಬಂದು, ‘ಇದು ಯಾವ ಪಾರ್ಟಿ ಕಾರ್ಯಕ್ರಮ?’ ಅಂತ ಕೇಳಿ, ಯಾವುದೂ ಅಲ್ಲ ಅಂದ ಮೇಲೆ ನಂಬದೆ ಹೋದರು.

ಶಿವಮೊಗ್ಗದಲ್ಲಿ ಇರುವವರಿಗೆ ಚಾನಲ್ ಅಂದರೆ ಹೇಳಬೇಕಿಲ್ಲ. ಗಾಜನೂರಿನ ಅಣೆಕಟ್ಟಿನಿಂದ ತುಂಗೆಯ ನೀರು ಗದ್ದೆಗಳಿಗೆ ಹೋಗುವ ದಾರಿ. ನೀರು ಬಿಟ್ಟಾಗ ನೋಡಲು ಚೆಂದ. ನಿಲ್ಲಿಸಿದಾಗ ಅದರ ಹೊಟ್ಟೆಯಲ್ಲಿ ಏನೇನಿದೆ ಅಂತ ಕಾಣುತ್ತದೆ. ನಮ್ಮ ಬಡಾವಣೆಯ ಹಿಂದೆ ಹೋಗುವ ಏರಿಯ ಮೇಲೆ ಸುಮಾರು 300 ಮೀಟರ್ ಉದ್ದಕ್ಕೆ ಹಾಲಿನ ಕವರ್, ಥರ್ಮಾಕೋಲ್ ತಟ್ಟೆ, ಡೈಪರ್, ಹಳೇ ದೇವರ ಪಟ, ಮತ್ತೆ ಸಂಜೆ ಕೂತು ಕುಡಿದವರ ಟೆಟ್ರಾ ಪ್ಯಾಕು, ಬಾಟಲಿ.

ಮೇ ತಿಂಗಳ ಕೆಲಸ ಪೂರ್ತಿ ಕೆಟ್ಟಿತು. 6 ಜನ ಎರಡು ಗಂಟೆ ಬಗ್ಗಿ 18 ಸಿಮೆಂಟ್ ಚೀಲ ತುಂಬಿದೆವು. ತುಂಬಿದ್ದನ್ನು ಯಾರು ಒಯ್ಯಬೇಕು ಅಂತ ಮೊದಲೇ ಯಾರನ್ನೂ ಕೇಳಿರಲಿಲ್ಲ. ಭಾನುವಾರ ಕಸದ ಗಾಡಿ ಬರುತ್ತೋ ಇಲ್ಲವೋ ಅಂತ ಕೂಡ ವಿಚಾರಿಸಿರಲಿಲ್ಲ. ಚೀಲಗಳನ್ನು ರಸ್ತೆ ಬದಿ ಸಾಲಾಗಿ ಇಟ್ಟು ಫೋಟೋ ತೆಗೆದುಕೊಂಡು ಮನೆಗೆ ಹೋದೆವು. ಮಧ್ಯಾಹ್ನ ಮಳೆ ಹಿಡಿಯಿತು. ರಾತ್ರಿ ನಾಯಿಗಳು ಬಂದವು. ಸೋಮವಾರ ಬೆಳಿಗ್ಗೆ ನೋಡಿದರೆ ಏರಿಯ ಮೇಲಿದ್ದ ಕಸ ಎದುರು ಮನೆ ಅಜ್ಜಿಯ ಗೇಟಿನ ಮುಂದೆ ಬಂದಿತ್ತು. ಅಜ್ಜಿ ಏನಂದರು ಅಂತ ಇಲ್ಲಿ ಬರೆಯುವುದಿಲ್ಲ.

ಡಿಸೆಂಬರಿನಲ್ಲಿ ಇನ್ನೊಂದು ಸಲ ಮಾಡೋಣ ಅಂತಾದಾಗ ತಂಗಿ ಮಗ ಹೇಳಿದ, ‘ಮಾವ, ಈ ಸಲ ಪೋಸ್ಟರ್ ಬೇಡ, ಕ್ಯಾರೊಸೆಲ್ ಮಾಡೋಣ.’ ಬೆರಳಲ್ಲಿ ಪಕ್ಕಕ್ಕೆ ತಳ್ಳುತ್ತಾ ಒಂದಾದ ಮೇಲೊಂದು ಚಿತ್ರ ನೋಡುತ್ತೇವಲ್ಲ, ಇನ್‌ಸ್ಟಾಗ್ರಾಂನಲ್ಲಿ, ಅದು. ನನಗೆ ಅದು ಬರೀ ಶೋಕಿ ಅನ್ನಿಸಿತ್ತು. ಆದರೆ ಮಾಡಲು ಕೂತಾಗ ಗೊತ್ತಾಯಿತು. ‘ಎಲ್ಲರೂ ಬನ್ನಿ’ ಅಂತ ಒಂದು ಚಿತ್ರದಲ್ಲಿ ಹೇಳಿ ಮುಗಿಸಬಹುದು. 7 ಚಿತ್ರ ತುಂಬಿಸಬೇಕು ಅಂದರೆ ಯಾರು, ಎಷ್ಟು ಹೊತ್ತು, ಏನು ಮಾಡಬೇಕು ಅಂತ ನಮಗೇ ಗೊತ್ತಿರಬೇಕಾಗುತ್ತದೆ. ನಮಗೆ ಗೊತ್ತಿರಲಿಲ್ಲ.

ಮೂರನೇ ಕಾರ್ಡಿನಲ್ಲಿ ‘ಕಸ ಹೆಕ್ಕುವವರು: __ ಜನ ಬೇಕು’ ಅಂತ ಬರೆದು ಇಬ್ಬರೂ ಸುಮ್ಮನೆ ಕೂತೆವು. ಅವನು 50 ಅಂದ. ನಾನು 20 ಅಂದೆ. ಎರಡಕ್ಕೂ ತಲೆಬುಡ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನೊಬ್ಬನೇ ಒಂದು ಖಾಲಿ ಸಿಮೆಂಟ್ ಚೀಲ, ಒಂದು ಜೊತೆ ಗ್ಲೌಸ್ ಹಿಡಿದು ಏರಿಗೆ ಹೋದೆ. ಫೋನಿನಲ್ಲಿ ಅರ್ಧ ಗಂಟೆ ಅಲಾರಂ ಇಟ್ಟು ಹೆಕ್ಕಲು ಶುರು ಮಾಡಿದೆ. ಓಡಲಿಲ್ಲ, ಹರಟೆ ಹೊಡೆಯುವವರು ಹೆಕ್ಕುವ ಹಾಗೇ ಹೆಕ್ಕಿದೆ. ಅಲಾರಂ ಹೊಡೆದಾಗ ಚೀಲ ತುಂಬಿತ್ತು, ನಾನು 15 ಹೆಜ್ಜೆ ಮುಂದೆ ಬಂದಿದ್ದೆ. ಪೂರ್ತಿ ಏರಿ ನಡೆದು ಎಣಿಸಿದರೆ 400 ಹೆಜ್ಜೆ. ಅಂದರೆ ಹತ್ತಿರ ಹತ್ತಿರ 27 ಅರ್ಧ ಗಂಟೆಯ ಕೆಲಸ, ಒಬ್ಬನೇ ಮಾಡಿದರೆ ಹದಿಮೂರೂವರೆ ಗಂಟೆ. ಒಬ್ಬೊಬ್ಬರು ಒಂದೂವರೆ ಗಂಟೆ ಕೊಟ್ಟರೆ 9 ಜನ ಸಾಕು. ಹೆಸರು ಕೊಟ್ಟವರಲ್ಲಿ ಮೂರರಲ್ಲೊಬ್ಬರು ಬರಲ್ಲ ಅಂತ ಇಟ್ಟುಕೊಂಡು ಕಾರ್ಡಿನಲ್ಲಿ 14 ಅಂತ ಹಾಕಿದೆವು.

ಈ ಅರ್ಧ ಗಂಟೆಯಿಂದ ಇನ್ನೂ ಒಂದು ಸಿಕ್ಕಿತು. ಮೇ ತಿಂಗಳಲ್ಲಿ ನಾವು ಕೊಟ್ಟಿದ್ದು ಹೋಟೆಲಲ್ಲಿ ಬಡಿಸುವವರು ಹಾಕಿಕೊಳ್ಳುವ ತೆಳು ಪ್ಲಾಸ್ಟಿಕ್ ಗ್ಲೌಸ್. ಹುಲ್ಲಿನೊಳಗೆ ಒಡೆದ ಬಾಟಲಿ ಇತ್ತು, ಒಬ್ಬ ಕಾಲೇಜು ಹುಡುಗನ ಅಂಗೈ ಕೊಯ್ದು ಟಿಟಿ ಇಂಜೆಕ್ಷನ್ ಹಾಕಿಸಬೇಕಾಗಿ ಬಂತು. ಈಗ ನಾನು ಹಾಕಿಕೊಂಡು ಹೋಗಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಹತ್ತಿ ಬಟ್ಟೆಯ ಮೇಲೆ ಅಂಗೈಗೆ ರಬ್ಬರ್ ಬಳಿದ ಗ್ಲೌಸ್. ಅದರಲ್ಲೂ ಗಾಜನ್ನು ಬಿಗಿ ಹಿಡಿಯಬಾರದು, ಆದರೆ ತಿಳಿಯದೆ ತಾಗಿದರೆ ಕೈ ಉಳಿಯುತ್ತದೆ. ಗಾಜಿಗೆ ಚೀಲ ಬೇಡ, ಖಾಲಿ ಪೇಂಟ್ ಬಕೆಟ್ ಅಂತಲೂ ಆವತ್ತೇ ತೀರ್ಮಾನ ಆಯಿತು. ಚೀಲದಲ್ಲಿ ಹಾಕಿದರೆ ಹೊರುವವನ ಕಾಲಿಗೆ ಚುಚ್ಚುತ್ತದೆ.

ಗಂಟೆಯ ವಿಷಯದಲ್ಲಿ ನಾವು ಮೊದಲ ಸಲ ಸುಳ್ಳು ಹೇಳಿದ್ದೆವು. ಬೇಕಂತಲೇ ಅಲ್ಲ. ‘6.30ರಿಂದ 8.30’ ಅಂತ ಹಾಕಿದ್ದೆವು, ಮುಗಿದಾಗ 9.45. ಹೆಕ್ಕುವ ಕೆಲಸ ಎರಡು ಗಂಟೆ ಸರಿ. ಚೀಲ ಹೊರುವುದು, ಸಲಿಕೆ ತೊಳೆಯುವುದು, ಗ್ಲೌಸ್ ಎಣಿಸುವುದು ಯಾರ ಲೆಕ್ಕದಲ್ಲೂ ಇರಲಿಲ್ಲ. ಹಾಗಾಗಿ ಈ ಸಲ ಒಂದೇ ಸಮಯ ಹಾಕಲಿಲ್ಲ. ಹೆಕ್ಕುವವರಿಗೆ 6.45ರಿಂದ 8.15. ಬೇರ್ಪಡಿಸುವವರಿಗೆ 7.15ರಿಂದ 8.45, ಯಾಕೆಂದರೆ ಅರ್ಧ ಗಂಟೆ ಕಳೆಯದೆ ಅವರ ಮುಂದೆ ಕಸವೇ ಬರಲ್ಲ. ಚೀಲ ಹೊರುವವರು 8 ಗಂಟೆಗೆ ಬಂದರೆ ಸಾಕು, 9.15ಕ್ಕೆ ಮುಕ್ತಿ. ಸಾಮಾನು ನೋಡಿಕೊಳ್ಳುವ ಒಬ್ಬರು ಮಾತ್ರ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗಬೇಕು, ಅದನ್ನು ಹಾಗೇ ಬರೆದೆವು.

ಡಿಸೆಂಬರ್ ಅಂದರೆ ನಮ್ಮ ಕಡೆ ಅಡಿಕೆ ಕೊಯ್ಲು. ಬಡಾವಣೆಯ ಅರ್ಧ ಮನೆಗಳಿಗೆ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ತೋಟ ಇದೆ. ಭಾನುವಾರ ಬಂತೆಂದರೆ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರ ಸಿಗುತ್ತಾನೋ ಇಲ್ಲವೋ ಅಂತ ಊರಿಗೆ ಓಡುತ್ತಾರೆ. ಅಂಥವರಿಗಾಗಿ ಶನಿವಾರ ಸಂಜೆಯ ಒಂದು ಗಂಟೆಯ ಕೆಲಸ ತೆಗೆದಿಟ್ಟೆವು. ಏರಿಗೆ ಅಂಟಿದ 20 ಮನೆಗಳಿಗೆ ಹೋಗಿ, ನಾಳೆ ಬೆಳಿಗ್ಗೆ ಕೆಲಸ ಇದೆ, ಇವತ್ತು ರಾತ್ರಿ ಆ ಕಡೆ ಏನೂ ಎಸೆಯಬೇಡಿ, ಕಾರು ಸ್ವಲ್ಪ ಈಚೆ ನಿಲ್ಲಿಸಿ ಅಂತ ಹೇಳಿ ಬರುವುದು. ಇಬ್ಬರು ಬೇಕಿತ್ತು, ಇಬ್ಬರೂ ಸಿಕ್ಕರು. ಅದರಲ್ಲಿ ಒಬ್ಬರು ಮೇ ತಿಂಗಳಲ್ಲಿ ಬರೀ ಹೂವಿನ ಗುರುತು ಹಾಕಿದವರು.

ಕಾರ್ಡುಗಳ ಕ್ರಮ ಹೀಗಿತ್ತು. ಮೊದಲನೆಯದರಲ್ಲಿ ‘ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ಇದೆಯಾ?’ ಅಂತ ಮಾತ್ರ. ಎಲೆ, ಭೂಮಿ, ಸ್ವಯಂಸೇವಕ ಎಲ್ಲಾ ತೆಗೆದೆವು. ಎರಡನೆಯದರಲ್ಲಿ ಏರಿಯ ಫೋಟೋ, ಎಲ್ಲಿಂದ ಎಲ್ಲಿವರೆಗೆ ಅಂತ. ತಳ್ಳದೆ ಬಿಟ್ಟವರಿಗೆ ಇನ್‌ಸ್ಟಾಗ್ರಾಂ ಕೆಲವೊಮ್ಮೆ ಎರಡನೇ ಚಿತ್ರದಿಂದಲೇ ಮತ್ತೆ ತೋರಿಸುತ್ತದೆ ಅಂತ ತಂಗಿ ಮಗ ಹೇಳಿದ್ದರಿಂದ, ಅದೊಂದನ್ನೇ ನೋಡಿದರೂ ವಿಷಯ ಗೊತ್ತಾಗಬೇಕು ಅಂತ ನೋಡಿಕೊಂಡೆವು. ಮೂರು ಹೆಕ್ಕುವವರದ್ದು, ನಾಲ್ಕು ಬೇರ್ಪಡಿಸುವವರದ್ದು, ಐದರಲ್ಲಿ ಚೀಲ, ಸಾಮಾನು, ಮನೆ ಮನೆ, ಚಹಾ. ಆರರಲ್ಲಿ ನೀವು ಏನು ತರಬೇಕು, ನಾವು ಏನು ಕೊಡುತ್ತೇವೆ. ಚಪ್ಪಲಿ ಬೇಡ, ಶೂ. ಕಾಲಲ್ಲಿ ಗಾಯ ಇದ್ದವರು ಹೆಕ್ಕಲು ಬರಬೇಡಿ, ಕೊಳಕು ನೀರಿನಿಂದ ಇಲಿ ಜ್ವರ ಅಂಟುವುದು ಗಾಯದ ಮೂಲಕವೂ. ಚಾನಲ್ ಒಳಗೆ ಯಾರೂ ಇಳಿಯುವ ಹಾಗಿಲ್ಲ, ಏರಿಯ ಮೇಲೆ ಮಾತ್ರ. ಏಳರಲ್ಲಿ ಹೆಸರು ಕೊಡುವುದು ಹೇಗೆ.

ನಾಲ್ಕನೇ ಕಾರ್ಡಿನ ಬಗ್ಗೆ ನಾವು ಜಗಳವೇ ಆಡಿದೆವು. ಕಸ ಬೇರ್ಪಡಿಸಲು ಯಾರೂ ಒಪ್ಪಲ್ಲ ಅಂತ ನನ್ನ ಅಂದಾಜು. ಸ್ವಲ್ಪ ಚೆಂದ ಮಾಡಿ, ‘ಮರುಬಳಕೆ ತಂಡ’ ಅಂತ ಹೆಸರಿಡೋಣ ಅಂದೆ. ನನ್ನ ಹೆಂಡತಿ, ‘ಬಂದ ಮೇಲೆ ಡೈಪರ್ ನೋಡಿ ಓಡಿ ಹೋಗ್ತಾರೆ, ಇದ್ದಿದ್ದು ಇದ್ದ ಹಾಗೆ ಬರೀರಿ’ ಅಂದಳು. ಕೊನೆಗೆ ಬರೆದಿದ್ದು ಇದು: ‘ವಾಸನೆ ಇರುತ್ತದೆ. ಕೈ ಗಲೀಜಾಗುತ್ತದೆ. ಕುರ್ಚಿಯಲ್ಲಿ ಕೂತು ಮಾಡುವ ಕೆಲಸ. ಬಗ್ಗುವುದಿಲ್ಲ, ಹೊರುವುದಿಲ್ಲ. ಬಾಟಲಿ ಒಂದು ಕಡೆ, ರಟ್ಟು ಒಂದು ಕಡೆ, ಉಳಿದಿದ್ದು ಒಂದು ಕಡೆ. ಡೈಪರ್, ಪ್ಯಾಡ್ ನಿಮ್ಮ ಹತ್ತಿರ ಬರುವುದಿಲ್ಲ, ಹೆಕ್ಕುವವರೇ ಬೇರೆ ಚೀಲಕ್ಕೆ ಹಾಕುತ್ತಾರೆ.’

ಎಲ್ಲಕ್ಕಿಂತ ಮೊದಲು ಹೆಸರು ತುಂಬಿದ್ದು ಚಹಾದ ಕೆಲಸಕ್ಕೆ, ಅದು ಗೊತ್ತಿದ್ದದ್ದೇ. ಎರಡನೆಯದು ಈ ಬೇರ್ಪಡಿಸುವ ಕೆಲಸ! ಪಕ್ಕದ ಮನೆ ರಿಟೈರ್ಡ್ ಮೇಷ್ಟ್ರು ಫೋನ್ ಮಾಡಿ, ‘ನನಗೆ ಮಂಡಿ ನೋವು ಮಾರಾಯ, ಬಗ್ಗೋಕಾಗಲ್ಲ ಅಂತ ಮೇನಲ್ಲಿ ಬರ್ಲಿಲ್ಲ. ಕುರ್ಚಿ ಇದೆ ಅಂದ್ರೆ ಬರ್ತೀನಿ’ ಅಂದರು. ಅವರ ಹಿಂದೆ ಅವರ ಮನೆಯವರು, ಮತ್ತೆ ಎರಡನೇ ಕ್ರಾಸಿನ ಇಬ್ಬರು ಅಕ್ಕಂದಿರು. ಮೇ ತಿಂಗಳಲ್ಲಿ ‘ಎಲ್ಲರೂ ಬನ್ನಿ’ ಅಂತ ಓದಿದಾಗ ಇವರೆಲ್ಲ ಅದು ತಮಗಲ್ಲ, ಹುಡುಗರಿಗೆ ಅಂತ ಅಂದುಕೊಂಡಿದ್ದರಂತೆ.

ಹೆಸರು ಕೊಡುವ ಜಾಗದಲ್ಲಿ ಎರಡು ಸಲ ಎಡವಿದೆವು.

ಮೊದಲು ಗೂಗಲ್ ಫಾರ್ಮ್ ಮಾಡಿದ್ದೆವು. ಒಬ್ಬರೇ ಎರಡೆರಡು ಸಲ ತುಂಬಬಾರದು ಅಂತ ಹುಡುಗ ‘ಒಂದೇ ಉತ್ತರ’ ಅನ್ನುವ ಸೆಟ್ಟಿಂಗ್ ಆನ್ ಮಾಡಿದ್ದ. ಅದನ್ನು ಆನ್ ಮಾಡಿದರೆ ತುಂಬುವವರು ಗೂಗಲ್ ಅಕೌಂಟಿಗೆ ಲಾಗಿನ್ ಆಗಲೇಬೇಕು. ನಮ್ಮಮ್ಮನ ಕೈಗೆ ಫೋನ್ ಕೊಟ್ಟು ತುಂಬಿಸಿ ನೋಡಿದೆ. ಪಾಸ್‌ವರ್ಡ್ ಕೇಳುವ ಪುಟ ಬಂತು, ಅಮ್ಮ ಫೋನ್ ಕೆಳಗಿಟ್ಟು ಬಾಳೆಕಾಯಿ ಹೆಚ್ಚಲು ಹೋದರು. ಫಾರ್ಮ್ ಅಲ್ಲಿಗೇ ಮುಗಿಯಿತು. ಕ್ಯೂಆರ್ ಕೋಡ್ ಹಾಕಿದ್ದನ್ನೂ ತೆಗೆದೆವು. ಫೋನಿನಲ್ಲೇ ಚಿತ್ರ ನೋಡುತ್ತಿರುವವರು ಅದೇ ಫೋನಿನ ಕ್ಯಾಮೆರಾದಿಂದ ಅದನ್ನು ಹೇಗೆ ಸ್ಕ್ಯಾನ್ ಮಾಡಬೇಕು? ದಾರಿ ಇದೆ, ಬಲ್ಲವರಿಗೆ. ಗೋಡೆಗೆ ಅಂಟಿಸುವ ಕಾಗದಕ್ಕೆ ಅದು ಸರಿ.

ಆಮೇಲೆ ವಾಟ್ಸಾಪ್ ಲಿಂಕ್ ಮಾಡಿದೆವು. ಒತ್ತಿದರೆ ನನ್ನ ನಂಬರಿಗೆ ಮೆಸೇಜ್ ತೆರೆದುಕೊಂಡು, ಬರೆಯಬೇಕಾದ್ದು ಮೊದಲೇ ಬಂದಿರುತ್ತದೆ. ಅದರ ರೂಪ ಇದು, ನಂಬರಿನ ಜಾಗದಲ್ಲಿ ನಿಮ್ಮದು ಹಾಕಬೇಕು, ಕೊನೆಯ % ಗುರುತುಗಳ ಸಾಲು ‘ಹೆಸರು:’ ಅನ್ನುವುದೇ:

```
https://wa.me/91XXXXXXXXXX?text=%E0%B2%B9%E0%B3%86%E0%B2%B8%E0%B2%B0%E0%B3%81%3A
```

ಚಿತ್ರದೊಳಗೆ ಬರೆದ ಲಿಂಕ್ ಒತ್ತಲು ಬರಲ್ಲ. ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಕೆಳಗಿನ ಬರಹದಲ್ಲಿ ಹಾಕಿದರೂ ಒತ್ತಲು ಬರಲ್ಲ. ಅದಕ್ಕೆ ಅಲ್ಲಿ ಪ್ರೊಫೈಲಿನಲ್ಲಿ ಹಾಕಿ, ವಾಟ್ಸಾಪ್ ಗುಂಪಿನಲ್ಲಿ 7 ಚಿತ್ರ ಕಳಿಸಿದ ಕೂಡಲೇ ಕೆಳಗೆ ಬೇರೆ ಮೆಸೇಜಾಗಿ ಹಾಕಿದೆವು. ನಮ್ಮ ಮಟ್ಟಿಗೆ ಕೆಲಸ ಮಾಡಿದ್ದು ಈ ಎರಡನೆಯದೇ.

ಏಳನೇ ಕಾರ್ಡಿನಲ್ಲಿ ಮೂರು ಮೆಟ್ಟಿಲು: ಕೆಲಸದ ನಂಬರ್ ಆರಿಸಿ. ನಂಬರ್ ಮತ್ತು ಹೆಸರು ಕಳಿಸಿ. ಎಲ್ಲಿ ನಿಲ್ಲಬೇಕು ಅಂತ ನಾವು ಉತ್ತರ ಕಳಿಸುತ್ತೇವೆ. ಹೆಕ್ಕುವುದು 1, ಬೇರ್ಪಡಿಸುವುದು 2, ಹೀಗೆ. ನೋಡಲು ಬಹಳ ಸುಲಭ. ಮೊದಲ ರಾತ್ರಿ ಬಂದ ಮೆಸೇಜುಗಳಲ್ಲಿ ಒಂದು: ‘2’. ಕೆಳಗೆ ಹೆಸರು. ಬೇರ್ಪಡಿಸಲು ಒಬ್ಬರು ಅಂತ ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ಇನ್ನೊಂದು ‘3’ ಬಂತು. ಅನುಮಾನ ಬಂದು ಫೋನ್ ಮಾಡಿದರೆ, ‘ನಾನು, ನಮ್ಮೆಜಮಾನ್ರು, ಮಗಳು, ಮೂರು ಜನ ಬರ್ತೀವಿ’ ಅಂದರು. ‘2’ ಅಂತ ಕಳಿಸಿದವರನ್ನೂ ಕೇಳಿದೆ. ಗಂಡ ಹೆಂಡತಿ!

ಹಾಕಿದ ಮೇಲೆ ಚಿತ್ರದೊಳಗಿನ ಅಕ್ಷರ ತಿದ್ದಲು ಆಗಲ್ಲ. ಕೆಳಗಿನ ಬರಹ ತಿದ್ದಬಹುದು. ಅಲ್ಲಿ, ‘ನಂಬರ್ ಬೇಡ, ಹೆಕ್ಕುವುದು, ಬೇರ್ಪಡಿಸುವುದು, ಹೊರುವುದು ಅಂತ ಪದವನ್ನೇ ಬರೆಯಿರಿ’ ಅಂತ ಸೇರಿಸಿದೆವು. ಗುಂಪಿನಲ್ಲೂ ಹಾಕಿದೆವು. ‘ಇನ್ನು ಎಷ್ಟು ಜನ ಬೇಕು’ ಅನ್ನುವ ಲೆಕ್ಕವನ್ನೂ ಚಿತ್ರದಲ್ಲಿ ಹಾಕದೆ ದಿನಾ ರಾತ್ರಿ ಈ ಬರಹದಲ್ಲೇ ತಿದ್ದುತ್ತಿದ್ದೆವು. ಚಹಾ ತುಂಬಿದೆ, ಹೊರಲು ಇನ್ನೊಬ್ಬರು ಬೇಕು, ಹೀಗೆ.

ಅಕ್ಷರದ ವಿಷಯ ಹೇಳದಿದ್ದರೆ ಆಗದು. ಹುಡುಗ ಆರಿಸಿದ ಮೊದಲ ಫಾಂಟಿನಲ್ಲಿ ಸಾಲುಗಳನ್ನು ಒತ್ತೊತ್ತಾಗಿ ಇಟ್ಟಿದ್ದ. ಇಂಗ್ಲಿಷಿಗೆ ಅದು ನಡೆಯುತ್ತದೆ. ನಮ್ಮಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ‘ಹೆಕ್ಕುವುದು’ ಅನ್ನುವಲ್ಲಿ ಕ ಒತ್ತು ಕೆಳಗಿನ ಅಕ್ಷರದ ತಲೆ ಮೇಲೆ ಕೂತಿತ್ತು. ಸಾಲಿನ ನಡುವೆ ಜಾಗ ಬಿಟ್ಟ ಮೇಲೆ ಒಂದು ಕಾರ್ಡಿಗೆ 6 ಸಾಲಿಗಿಂತ ಹೆಚ್ಚು ಹಿಡಿಯಲಿಲ್ಲ, ಅದೂ ಒಳ್ಳೆಯದೇ ಆಯಿತು. ಅಮ್ಮ ಕನ್ನಡಕ ಹಾಕದೆ, ಕೈ ಚಾಚಿ ಫೋನ್ ಹಿಡಿದು ಓದಿದರೆ ಪಾಸು, ಇಲ್ಲದಿದ್ದರೆ ಒಂದು ಸಾಲು ಕಡಿಮೆ. ನಾಲ್ಕನೇ ಕಾರ್ಡ್ ಮಾತ್ರ ಎಷ್ಟು ಕತ್ತರಿಸಿದರೂ ಪಾಸಾಗಲಿಲ್ಲ, ಹಾಗೇ ಬಿಟ್ಟೆವು.

ಇನ್ನೊಂದು ನಾವು ಯೋಚಿಸಿಯೇ ಇರಲಿಲ್ಲ. ವಾಟ್ಸಾಪಿನಲ್ಲಿ ಜನ 7 ಚಿತ್ರವನ್ನೂ ಮುಂದೆ ಕಳಿಸಲ್ಲ. ತಮಗೆ ಬೇಕಾದ ಒಂದನ್ನು ಕಳಿಸುತ್ತಾರೆ. ಮೇಷ್ಟ್ರು ನಾಲ್ಕನೇ ಕಾರ್ಡನ್ನು ಮಾತ್ರ ತಮ್ಮ ವಾಕಿಂಗ್ ಗೆಳೆಯರಿಗೆ ಕಳಿಸಿದರು. ಅದರಲ್ಲಿ ಕುರ್ಚಿ ಇತ್ತು, ವಾಸನೆ ಇತ್ತು, ಯಾವ ಊರು, ಯಾವ ದಿನ ಅಂತ ಇರಲಿಲ್ಲ. ಆವತ್ತೇ ರಾತ್ರಿ ಕೂತು ಎಲ್ಲಾ ಕಾರ್ಡಿನ ಕೆಳಗೂ ಒಂದು ಪಟ್ಟಿ ಸೇರಿಸಿ ಮತ್ತೆ ಕಳಿಸಿದೆವು: ಜಾಗ, ದಿನ, ನನ್ನ ನಂಬರ್.

ಗಾಡಿಯ ವಿಷಯ ಕಾರ್ಡಿನಲ್ಲಿ ಇರಲಿಲ್ಲ, ಅದು ನನ್ನ ತಲೆಮೇಲೆ. ವಾರಕ್ಕೆ ಮುಂಚೆ ವಾರ್ಡಿನ ಹೆಲ್ತ್ ಇನ್‌ಸ್ಪೆಕ್ಟರನ್ನು ಕಂಡು, ಸುಮಾರು 25 ಚೀಲ ಆಗುತ್ತದೆ, 9 ಗಂಟೆಗೆ ಏರಿಯ ತುದಿಯಲ್ಲಿ ಇರುತ್ತವೆ ಅಂದೆ. ‘ಒಣ ಕಸ ಬೇರೆ ಮಾಡಿ ಕೊಡ್ತೀರಾದ್ರೆ ಆಟೋ ಟಿಪ್ಪರ್ ಕಳಿಸ್ತೀನಿ’ ಅಂದರು. ಎಷ್ಟು ಚೀಲ ಅಂತ ಹೇಳಲು ಆಗಿದ್ದೇ ಆ ಅರ್ಧ ಗಂಟೆಯಿಂದ.

ಶನಿವಾರ ಸಂಜೆ ಹೆಸರು ಕೊಟ್ಟ 25 ಜನರಿಗೂ ಒಬ್ಬೊಬ್ಬರಿಗೇ ಮೆಸೇಜ್ ಕಳಿಸಿದೆ. ಗುಂಪಿನಲ್ಲಿ ಹಾಕಿದರೆ ಯಾರಿಗೋ ಹೇಳಿದ ಹಾಗೆ. ‘ನಾಳೆ ನಿಮ್ಮದು ಬೇರ್ಪಡಿಸುವ ಕೆಲಸ, 7.15ಕ್ಕೆ, ನೇರಳೆ ಮರದ ಕೆಳಗೆ ಕುರ್ಚಿ ಇರುತ್ತದೆ’ ಅಂತ. ನಾಲ್ಕು ಜನ ಆಗಲ್ಲ ಅಂತ ಆಗಲೇ ಹೇಳಿದರು. ಹಾಗೆ ಹೇಳಿದವರ ಮೇಲೆ ನನಗೆ ಪ್ರೀತಿ ಜಾಸ್ತಿ.

ಭಾನುವಾರ 16 ಜನ. ಹೆಕ್ಕಲು 13 ಹೆಸರಿನಲ್ಲಿ 8 ಜನ ಬಂದರು, ಅಂದುಕೊಂಡ 9ಕ್ಕೆ ಒಬ್ಬರು ಕಡಿಮೆ. ಹಾಗಾಗಿ 8.15ಕ್ಕೆ ಮುಗಿಯಬೇಕಾದ್ದು 8.35 ಆಯಿತು. ಬೇರ್ಪಡಿಸುವ ನಾಲ್ವರೂ ಹೇಳಿದ ಹೊತ್ತಿಗೆ ಬಂದು ಕೂತರು, ಮೇಷ್ಟ್ರು ಪೇಪರ್ ಬೇರೆ ತಂದಿದ್ದರು, ಚೀಲ ಬರುವವರೆಗೆ ಓದಲು. ಎಡವಟ್ಟಾಗಿದ್ದು ಹೊರುವವರಲ್ಲಿ. 4 ಬೇಕಿತ್ತು, ಬಂದವರು 2. ಒದ್ದೆ ಚೀಲ ಒಬ್ಬರಿಂದ ಎತ್ತಲು ಆಗಲ್ಲ ಅಂತ ನಾವು ಕಾರ್ಡಿನಲ್ಲಿ ಬರೆದಿರಲಿಲ್ಲ. ಕೊನೆಗೆ ಹೆಕ್ಕಿದವರೇ ನಾಲ್ಕು ಜನ ನಿಂತು ಹೊತ್ತರು. ಮುಂದಿನ ಸಲ ಅವರು ಬರುತ್ತಾರೋ ಇಲ್ಲವೋ ನೋಡಬೇಕು.

26 ಚೀಲ ಆಯಿತು. ಬಾಟಲಿ, ರಟ್ಟು 7 ಚೀಲ ಗುಜರಿಗೆ ಹೋಯಿತು. ಮಣ್ಣು ಮೆತ್ತಿದ ಕವರುಗಳನ್ನು ಗುಜರಿಯವರು ಮುಟ್ಟಲಿಲ್ಲ. ಅದೆಲ್ಲ ಟಿಪ್ಪರಿಗೆ. ಟಿಪ್ಪರ್ 9.20ಕ್ಕೆ ಬಂತು. ಎದುರು ಮನೆ ಅಜ್ಜಿ ಗೇಟಿನಲ್ಲಿ ನಿಂತು ಚೀಲ ಎಣಿಸುತ್ತಿದ್ದರು, ಒಂದೂ ಉಳಿಯಬಾರದು ಅಂತ.

ಕಾರ್ಡುಗಳು ಮಾತ್ರ ಇನ್ನೂ ಎಲ್ಲೆಲ್ಲೋ ಓಡಾಡುತ್ತಿವೆ. ಜನವರಿ ಮೊದಲ ವಾರ ಭದ್ರಾವತಿಯಿಂದ ಒಬ್ಬರು ಫೋನ್ ಮಾಡಿದರು. ‘ನಿಮ್ದೊಂದು ಕಾರ್ಡ್ ಬಂದಿದೆ ಸ್ವಾಮಿ, ಕುರ್ಚಿ ಕೆಲಸದ್ದು. ಬರೋಣ ಅಂತ. ಆದರೆ 7ನೇ ತಾರೀಖು ಬುಧವಾರ ಬೀಳುತ್ತಲ್ಲ, ನೀವು ಭಾನುವಾರ ಅಂತ ಹಾಕಿದ್ದೀರಿ. ಯಾವುದು ಸರಿ?’ ಫೋನ್ ಇಟ್ಟು ಕಾರ್ಡ್ ತೆಗೆದು ನೋಡಿದೆ. ರಾತ್ರಿ ಕೂತು ಸೇರಿಸಿದ್ದೆವಲ್ಲ, ಆ ಪಟ್ಟಿಯಲ್ಲಿ ಜಾಗ ಇತ್ತು, ವಾರ ಇತ್ತು, ತಾರೀಖು ಇತ್ತು. ತಿಂಗಳು ಇರಲಿಲ್ಲ.